ಡಿವಿಡೆಂಡ್ ಕೊಡದ ಷೇರಿನ ಅಮೆರಿಕನ್ ಕಾಲ್: ಗಡುವಿಗೆ ಮುಂಚೆ ಎಕ್ಸರ್ಸೈಸ್ ಮಾಡಿದರೆ ಕಳೆದುಕೊಳ್ಳುವುದು ಏನನ್ನು?

ವಿನಯ್ ಬಿ.

ಬರ್ಕ್‌ಷೈರ್ ಹ್ಯಾಥವೇ ಬಿ ಷೇರಿನ ಕಾಲ್ ಆಪ್ಷನ್ ಒಂದನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಷೇರುಗಳ ಮೇಲಿನ ಆಪ್ಷನ್‌ಗಳು ಅಮೆರಿಕನ್ ಮಾದರಿಯವು, ಕಾಲ್ ಕೊಂಡವರು ಗಡುವಿನೊಳಗೆ ಯಾವ ದಿನ ಬೇಕಾದರೂ ಎಕ್ಸರ್ಸೈಸ್ ಮಾಡಬಹುದು, ಅಂದರೆ ಸ್ಟ್ರೈಕ್ ಎಂದು ಮೊದಲೇ ಗೊತ್ತಾದ ಬೆಲೆ ಕೊಟ್ಟು ಷೇರು ಪಡೆಯಬಹುದು. ವಾರನ್ ಬಫೆಟ್ ಕೈಗೆ ಬಂದ ಮೇಲೆ ಆ ಕಂಪನಿ ಡಿವಿಡೆಂಡ್ ಕೊಟ್ಟದ್ದು 1967ರಲ್ಲಿ, ಒಂದೇ ಸಲ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ನಾನು ಹಾಕಿಕೊಂಡ ಅಂಕಿಗಳು ಇವು: ಷೇರಿನ ಬೆಲೆ 500 ಡಾಲರ್, ಸ್ಟ್ರೈಕ್ 400, ಗಡುವಿಗೆ ಆರು ತಿಂಗಳು, ಬಡ್ಡಿ ವರ್ಷಕ್ಕೆ ಶೇ 4.

ಓದಿದಲ್ಲೆಲ್ಲ ಇಂಥ ಕಾಲನ್ನು ಮುಂಚೆ ಎಕ್ಸರ್ಸೈಸ್ ಮಾಡಲೇಬಾರದು ಎಂದಿದೆ. ನನಗೆ ಗೊಂದಲ ಇರುವುದು ಇಲ್ಲಿ. ಷೇರು ಇನ್ನು ಬೀಳುತ್ತದೆ ಎಂದು ನನಗೆ ಬಲವಾಗಿ ಅನ್ನಿಸಿದೆ ಎಂದಿಟ್ಟುಕೊಳ್ಳಿ. ಇವತ್ತು ಎಕ್ಸರ್ಸೈಸ್ ಮಾಡಿ ಷೇರು ಮಾರಿದರೆ 100 ಡಾಲರ್ ಕೈಗೆ ಬರುತ್ತದೆ. ಅದನ್ನು ಬಿಟ್ಟು ಕಾಯಬೇಕು ಏಕೆ? "ಎಂದಿಗೂ ಇಲ್ಲ" ಎಂದು ಅಷ್ಟು ಗಟ್ಟಿಯಾಗಿ ಹೇಳಬೇಕಾದರೆ ಬೆಲೆ ಎತ್ತ ಹೋಗುತ್ತದೆ ಎಂದು ಗೊತ್ತಿರಬೇಕಲ್ಲವೇ?

ಧಾರವಾಡ ಟ್ರೇಡರ್

ಅಲ್ರೀ ವಿನಯ್, ಇದಕ್ಕ ಅಷ್ಟು ತಲಿ ಕೆಡಿಸಿಕೊಳ್ಳೂದು ಬ್ಯಾಡ. ಆಪ್ಷನ್ ಅಂದಮ್ಯಾಲೆ ಟೈಮ್ ವ್ಯಾಲ್ಯೂ ಇದ್ದ ಇರ್ತದ. ಎಕ್ಸರ್ಸೈಸ್ ಮಾಡಿದ್ರ ಬರೂದು ಬರೇ 100. ಆಪ್ಷನ್ನ ಮಾರಿದ್ರ 100ರ ಮ್ಯಾಲೆ ಟೈಮ್ ವ್ಯಾಲ್ಯೂನೂ ಕೈಗೆ ಬರ್ತದ. ಇನ್ನೂ ಆರು ತಿಂಗಳು ಅದ, ಬೆಲಿ ಏರಿಳಿತ ಅದ, ಅದಕ್ಕ ರೊಕ್ಕ ಕೊಡೋರು ಇದ್ದ ಇರ್ತಾರ. ಇಷ್ಟ ಕಾರಣ.

ಆರ್. ಲಕ್ಷ್ಮಿ

ಎಕ್ಸರ್ಸೈಸ್ ಬೇಡ, ಮಾರಿ ಎನ್ನುವ ಮಾತು ಸರಿ. ಆದರೆ ಕಾರಣ ಅಷ್ಟೇ ಆಗಿದ್ದರೆ ಷೇರನ್ನು ಸ್ಟ್ರೈಕ್ ಬೆಲೆಗೆ ಮಾರುವ ಹಕ್ಕಾದ ಪುಟ್ ಆಪ್ಷನ್‌ಗೂ ಅದೇ ಅನ್ವಯಿಸಬೇಕಿತ್ತು. ಅದಕ್ಕೂ ಸಮಯ ಉಳಿದಿರುತ್ತದೆ, ಏರಿಳಿತ ಇರುತ್ತದೆ. ಆದರೂ ಅಮೆರಿಕನ್ ಪುಟ್ಟನ್ನು ಗಡುವಿಗೆ ಮುಂಚೆ ಎಕ್ಸರ್ಸೈಸ್ ಮಾಡುವುದೇ ಸರಿ ಎನ್ನುವ ಸಂದರ್ಭಗಳಿವೆ.

ಅದೇ 400ರ ಸ್ಟ್ರೈಕ್, ಅದೇ ಆರು ತಿಂಗಳು, ಆದರೆ ಷೇರು 5 ಡಾಲರಿಗೆ ಕುಸಿದಿದೆ ಎಂದುಕೊಳ್ಳಿ. ಇವತ್ತು ಪುಟ್ ಎಕ್ಸರ್ಸೈಸ್ ಮಾಡಿದರೆ 395 ಬರುತ್ತದೆ. ಆರು ತಿಂಗಳಿಗೆ ಶೇ 2 ಬಡ್ಡಿ ಸೇರಿ ಅದು 402.90 ಆಗುತ್ತದೆ. ಕಾಯ್ದರೆ, ಷೇರು ಸೊನ್ನೆಯಾದರೂ ಸಿಗುವುದು 400ಕ್ಕಿಂತ ಹೆಚ್ಚಿಲ್ಲ. ಅಂದರೆ ಕಾಯುವುದು ನಿಶ್ಚಿತ ನಷ್ಟ. ಇಲ್ಲಿ ಟೈಮ್ ವ್ಯಾಲ್ಯೂ ಯಾರನ್ನೂ ಕಾಪಾಡುವುದಿಲ್ಲ.

ಹಾಗಾದರೆ ಕಾಲ್‌ನಲ್ಲಿ ಬೇರೆ ಏನಿದೆ? ಸ್ಟ್ರೈಕ್ ಹಣ ಯಾವ ಕಡೆಗೆ ಹರಿಯುತ್ತದೆ ಎನ್ನುವುದು. ಪುಟ್ಟಿನಲ್ಲಿ 400 ನಿಮ್ಮ ಕೈಗೆ ಬರಬೇಕು, ಆದ್ದರಿಂದ ಬೇಗ ಬಂದಷ್ಟೂ ಒಳ್ಳೆಯದು. ಕಾಲ್‌ನಲ್ಲಿ 400 ನಿಮ್ಮ ಕೈಯಿಂದ ಹೋಗಬೇಕು, ಆದ್ದರಿಂದ ತಡವಾದಷ್ಟೂ ಒಳ್ಳೆಯದು. ಷೇರು ಡಿವಿಡೆಂಡ್ ಕೊಡದಿದ್ದರೆ ಅದನ್ನು ಬೇಗ ಕೈಗೆ ತೆಗೆದುಕೊಳ್ಳುವುದರಿಂದ ಬರುವ ಲಾಭವೂ ಇಲ್ಲ.

ಈಗ ವಿನಯ್ ಅವರ ಅಂಕಿಗಳಿಗೆ ಬರೋಣ. ಇಬ್ಬರ ಬಳಿಯೂ ಇದೇ ಕಾಲ್ ಮತ್ತು 400 ಡಾಲರ್ ನಗದು ಇದೆ. ಒಬ್ಬರು ಇವತ್ತೇ ಎಕ್ಸರ್ಸೈಸ್ ಮಾಡಿ ಷೇರನ್ನು ಇಟ್ಟುಕೊಳ್ಳುತ್ತಾರೆ. ಆರು ತಿಂಗಳ ನಂತರ ಅವರ ಬಳಿ ಇರುವುದು ಒಂದು ಷೇರು, ಅದರ ಬೆಲೆ ಆವತ್ತು ಎಷ್ಟೋ ಅಷ್ಟು. ಇನ್ನೊಬ್ಬರು ಕಾಲ್ ಹಾಗೇ ಇಟ್ಟುಕೊಂಡು 400ನ್ನು ಟ್ರೆಜರಿ ಬಿಲ್ಲಿನಲ್ಲಿ ಹಾಕುತ್ತಾರೆ, ಅದು 408 ಆಗುತ್ತದೆ. ಷೇರು ಆವತ್ತು 600 ಇದ್ದರೆ ಅವರು 400 ಕೊಟ್ಟು ಷೇರು ಪಡೆಯುತ್ತಾರೆ, 8 ಡಾಲರ್ ಉಳಿಯುತ್ತದೆ. ಒಟ್ಟು 608, ಮೊದಲಿನವರದು 600. ಷೇರು 300 ಇದ್ದರೆ ಕಾಲ್ ವ್ಯರ್ಥ, ಆದರೆ ಕೈಯಲ್ಲಿ 408 ಇದೆ, ಮೊದಲಿನವರದು 300. ನಡುವೆ ಯಾವ ಬೆಲೆ ಹಾಕಿ ನೋಡಿದರೂ ಎರಡನೆಯವರು ಕನಿಷ್ಠ 8 ಡಾಲರ್ ಮುಂದಿರುತ್ತಾರೆ.

ಈ ಲೆಕ್ಕದಲ್ಲಿ ಬೆಲೆ ಎತ್ತ ಹೋಗುತ್ತದೆ ಎಂಬ ಊಹೆ ಎಲ್ಲೂ ಬರಲಿಲ್ಲ. ಏರಿಳಿತ ಎಷ್ಟು ಎಂಬುದೂ ಬರಲಿಲ್ಲ.

ವಿನಯ್ ಬಿ.

ಮೇಡಂ, ಷೇರನ್ನು ಇಟ್ಟುಕೊಳ್ಳಬೇಕು ಎನ್ನುವವರಿಗೆ ಇದು ಒಪ್ಪುತ್ತದೆ. ಆದರೆ ನನ್ನ ಪ್ರಶ್ನೆ ಬೀಳುತ್ತದೆ ಎಂದು ನಂಬಿದವರದು. ಅವರಿಗೆ ಷೇರು ಬೇಡ, ಇವತ್ತಿನ 500ಕ್ಕೆ ಕೈ ತೊಳೆದುಕೊಂಡರೆ ಸಾಕು. ಮುಂದೆ ಷೇರು 300 ಆದರೆ ಕಾಯ್ದವರ ಕಾಲ್ ಸೊನ್ನೆಯಾಗಿರುತ್ತದಲ್ಲ?

ಆರ್. ಲಕ್ಷ್ಮಿ

ಬೀಳುತ್ತದೆ ಎಂದು ನಂಬಿದವರಿಗೆ ಎರಡು ದಾರಿಯಿವೆ, ಎಕ್ಸರ್ಸೈಸ್ ಎರಡಕ್ಕಿಂತಲೂ ಕೆಳಗೆ.

ಒಂದು, ಕಾಲನ್ನೇ ಮಾರುವುದು. ಅದರ ಬೆಲೆ 100ಕ್ಕಿಂತ ಮೇಲಿರುತ್ತದೆ ಎಂಬುದನ್ನು ಕೊನೆಗೆ ತೋರಿಸುತ್ತೇನೆ.

ಇನ್ನೊಂದು, ಕಾಲ್ ಮುಟ್ಟದೆ ಷೇರನ್ನು ಇವತ್ತೇ 500ಕ್ಕೆ ಶಾರ್ಟ್ ಮಾಡುವುದು, ಅಂದರೆ ಬೇರೆಯವರಿಂದ ಸಾಲ ತಂದು ಮಾರುವುದು. ಆ 500 ಆರು ತಿಂಗಳಲ್ಲಿ 510 ಆಗುತ್ತದೆ. ಗಡುವಿನ ದಿನ ಷೇರು 400ಕ್ಕಿಂತ ಮೇಲೆ ಎಷ್ಟೇ ಇರಲಿ, 400 ಕೊಟ್ಟು ಎಕ್ಸರ್ಸೈಸ್ ಮಾಡಿ, ಬಂದ ಷೇರನ್ನು ಸಾಲ ಕೊಟ್ಟವರಿಗೆ ಹಿಂದಿರುಗಿಸಿ. ಉಳಿಯುವುದು 110. ಷೇರು 300ಕ್ಕೆ ಬಿದ್ದಿದ್ದರೆ ಎಕ್ಸರ್ಸೈಸ್ ಬೇಡ, ಮಾರುಕಟ್ಟೆಯಿಂದಲೇ 300ಕ್ಕೆ ಕೊಂಡು ಹಿಂದಿರುಗಿಸಿ. ಉಳಿಯುವುದು 210. ಇವತ್ತೇ ಎಕ್ಸರ್ಸೈಸ್ ಮಾಡಿ ಮಾರಿದವರ 100 ಡಾಲರ್ ಆ ಹೊತ್ತಿಗೆ ಬಡ್ಡಿ ಸೇರಿ 102 ಆಗಿರುತ್ತದೆ. 110ಕ್ಕೂ 102ಕ್ಕೂ ಇರುವ ಅಂತರ ಮತ್ತೆ ಅದೇ 8, ಅಂದರೆ 400ರ ಮೇಲಿನ ಆರು ತಿಂಗಳ ಬಡ್ಡಿ. ಬಿದ್ದರೆ ಸಿಗುವ ಹೆಚ್ಚಿನ ಹಣ ಅದರ ಮೇಲೆ. ಬೀಳುತ್ತದೆ ಎಂಬ ನಿಮ್ಮ ನಂಬಿಕೆ ನಿಜವಾದರೆ ಶಾರ್ಟ್ ದಾರಿಯೇ ಹೆಚ್ಚು ಕೊಡುತ್ತದೆ.

ಈಗ ಬೆಲೆಯ ಮಾತು. ಕಾಲ್ ಮಾರುಕಟ್ಟೆಯಲ್ಲಿ ಬರೇ 100ಕ್ಕೆ ಸಿಗುತ್ತಿದೆ ಎಂದುಕೊಳ್ಳಿ. ಷೇರು ಶಾರ್ಟ್ ಮಾಡಿ 500 ಪಡೆಯಿರಿ. 100 ಕೊಟ್ಟು ಕಾಲ್ ಕೊಳ್ಳಿ. 392.16 ಡಾಲರನ್ನು ಆರು ತಿಂಗಳಿಗೆ ಸಾಲ ಕೊಡಿ, ಅದು ಗಡುವಿಗೆ ಸರಿಯಾಗಿ 400 ಆಗುತ್ತದೆ. ಕೈಯಲ್ಲಿ ಇವತ್ತೇ 7.84 ಉಳಿಯಿತು. ಗಡುವಿನ ದಿನ ಷೇರು ಮೇಲಿದ್ದರೆ ಆ 400ರಿಂದ ಎಕ್ಸರ್ಸೈಸ್ ಮಾಡಿ ಶಾರ್ಟ್ ಮುಚ್ಚುತ್ತೀರಿ, ಲೆಕ್ಕ ಸೊನ್ನೆ. ಕೆಳಗಿದ್ದರೆ 400ಕ್ಕಿಂತ ಕಡಿಮೆಗೆ ಕೊಂಡು ಮುಚ್ಚುತ್ತೀರಿ, ಇನ್ನಷ್ಟು ಉಳಿಯುತ್ತದೆ. ಎಲ್ಲೂ ಕೈಯಿಂದ ಹೋಗುವ ಪ್ರಸಂಗವೇ ಇಲ್ಲ. ಒಂದು ಕಾಂಟ್ರ್ಯಾಕ್ಟಿಗೆ 100 ಷೇರು, ಆದ್ದರಿಂದ 784 ಡಾಲರ್. ಇಂಥದ್ದು ಕಂಡರೆ ದೊಡ್ಡ ಸಂಸ್ಥೆಗಳು ಕಾಲ್ ಕೊಳ್ಳುತ್ತಲೇ ಹೋಗುತ್ತವೆ, ಬೆಲೆ ಕನಿಷ್ಠ 107.84ಕ್ಕೆ ಏರುವ ತನಕ.

```
C ≥ S − K/(1 + r·T)
  = 500 − 400/1.02 = 107.84
S − K = 100
```

107.84ಕ್ಕೆ ಮಾರಬಹುದಾದದ್ದನ್ನು 100ಕ್ಕೆ ಬಿಟ್ಟುಕೊಡುವುದೇ ಮುಂಚಿನ ಎಕ್ಸರ್ಸೈಸ್. ಬಡ್ಡಿ ಧನಾತ್ಮಕವಾಗಿದ್ದು ಗಡುವಿಗೆ ಒಂದು ದಿನ ಉಳಿದಿದ್ದರೂ ಕಾಲಿನ ಬೆಲೆ C ಯು S − K ಗಿಂತ ದೊಡ್ಡದೇ. ರಾಬರ್ಟ್ ಮರ್ಟನ್ 1973ರ ಪ್ರಬಂಧದಲ್ಲಿ ಇದನ್ನು ಯಾವ ಬೆಲೆ-ಮಾದರಿಯನ್ನೂ ನಂಬದೆ ತೋರಿಸಿದ್ದರು. ಬೆಲೆ ರಾತ್ರೋರಾತ್ರಿ ಹಾರಿದರೂ ಕುಸಿದರೂ ವಾದ ಕದಲುವುದಿಲ್ಲ.

ಧಾರವಾಡ ಟ್ರೇಡರ್

ಪುಟ್ಟಿನ ಲೆಕ್ಕ ಚೊಲೋ ಹೇಳಿದ್ರಿ ಮೇಡಂ. ಹಂಗಾದ್ರ ಡಿವಿಡೆಂಡ್ ಇಲ್ಲದ ಷೇರಿಗೆ ಅಮೆರಿಕನ್ ಕಾಲಿನ ಬೆಲಿನೂ, ಗಡುವಿನ ದಿನ ಮಾತ್ರ ಎಕ್ಸರ್ಸೈಸ್ ಮಾಡೂ ಯುರೋಪಿಯನ್ ಕಾಲಿನ ಬೆಲಿನೂ ಒಂದ ಆಗಬೇಕು. ಉಪಯೋಗ ಇಲ್ಲದ ಹಕ್ಕಿಗೆ ಯಾರು ರೊಕ್ಕ ಕೊಡ್ತಾರ?

ಆರ್. ಲಕ್ಷ್ಮಿ

ಹೌದು, ಒಂದೇ. ಆದ್ದರಿಂದಲೇ ಬ್ಲ್ಯಾಕ್-ಶೋಲ್ಸ್ ಸೂತ್ರ ಯುರೋಪಿಯನ್ ಮಾದರಿಗೆ ಬರೆದದ್ದಾದರೂ ಇಂಥ ಅಮೆರಿಕನ್ ಕಾಲ್‌ಗೆ ಹಾಗೇ ಹಾಕಬಹುದು. ಪುಟ್ಟಿಗೆ ಹಾಕಿದರೆ ಕಡಿಮೆ ಬೆಲೆ ತೋರಿಸುತ್ತದೆ. ಬೈನಾಮಿಯಲ್ ಟ್ರೀ ಬರೆದವರು ತಮ್ಮ ಕೋಡ್ ಸರಿಯಿದೆಯೇ ಎಂದು ನೋಡಲು ಇದನ್ನೇ ಬಳಸಬಹುದು: ಡಿವಿಡೆಂಡ್ ಸೊನ್ನೆ ಕೊಟ್ಟು ಎರಡೂ ಮಾದರಿಯ ಕಾಲ್ ಬೆಲೆ ತೆಗೆಯಿರಿ. ಅಂತರ ಬಂದರೆ ಟ್ರೀಯ ಒಳಗೆ ಎಲ್ಲೋ ಡಿಸ್ಕೌಂಟ್ ಮಾಡುವುದು ಬಿಟ್ಟುಹೋಗಿದೆ, ಇಲ್ಲವೇ ಪ್ರತಿ ಗಂಟಿನಲ್ಲಿ ಹೋಲಿಕೆ ತಪ್ಪಾಗಿದೆ.

ಸುಮಾ ಜಿ.

ನಮ್ಮ ಎನ್‌ಎಸ್‌ಇಯ ಸ್ಟಾಕ್ ಆಪ್ಷನ್‌ಗೂ ಇದೇ ಅಲ್ಲವೇ? ಬ್ರೋಕರ್ ಆ್ಯಪಿನಲ್ಲಿ ಎಕ್ಸರ್ಸೈಸ್ ಮಾಡುವ ಬಟನ್ನೇ ಕಾಣುವುದಿಲ್ಲ. ಮತ್ತೆ ಕಂಪನಿ ಬೋನಸ್ ಷೇರು ಕೊಟ್ಟರೆ? ಅದೂ ಡಿವಿಡೆಂಡ್ ಥರವೇ ತಾನೇ, ಆಗ ಮೊದಲೇ ಎಕ್ಸರ್ಸೈಸ್ ಮಾಡದಿದ್ದರೆ ಬೋನಸ್ ಕೈತಪ್ಪುತ್ತದೆ.

ಝೂರಿಕ್ ಕನ್ನಡಿಗ

ಸುಮಾ ಅವರೇ, ಬಟನ್ ಇಲ್ಲದಿರಲು ಕಾರಣ ಅಲ್ಲಿನ ಸ್ಟಾಕ್ ಆಪ್ಷನ್‌ಗಳು 2011ರ ಜನವರಿ ಕಾಂಟ್ರ್ಯಾಕ್ಟಿನಿಂದ ಯುರೋಪಿಯನ್ ಆಗಿರುವುದು. ಅದಕ್ಕೆ ಮೊದಲು ಅಮೆರಿಕನ್ ಆಗಿದ್ದವು, ತೆರೆಯ ಮೇಲೆ `CA` ಮತ್ತು `PA` ಎಂದು ಬರುತ್ತಿದ್ದವು. ಈಗ ಕಾಣುವ `CE` ಮತ್ತು `PE` ಯಲ್ಲಿನ `E` ಯುರೋಪಿಯನ್‌ನದು. ಹಾಗಾಗಿ ಈ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ಬೇಡವೆಂದರೆ ಮಾರಿ ಹೊರಬರುವುದೊಂದೇ ದಾರಿ.

ಬೋನಸ್ ಮತ್ತು ಸ್ಪ್ಲಿಟ್ ಡಿವಿಡೆಂಡ್ ಥರ ಅಲ್ಲ. ಅವು ಬಂದಾಗ ಸ್ಟ್ರೈಕನ್ನೂ ಷೇರುಗಳ ಸಂಖ್ಯೆಯನ್ನೂ ಎಕ್ಸ್‌ಚೇಂಜೇ ಸರಿಹೊಂದಿಸುತ್ತದೆ. ಬರ್ಕ್‌ಷೈರ್ ಬಿ ಷೇರು 2010ರ ಜನವರಿಯಲ್ಲಿ 1ಕ್ಕೆ 50ರಂತೆ ಸ್ಪ್ಲಿಟ್ ಆಯಿತು. ಅಂಥ ಸಮಯದಲ್ಲಿ ಕಾಲ್ ಹಿಡಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಆದರೆ ಮಾಮೂಲಿ ನಗದು ಡಿವಿಡೆಂಡಿಗೆ ಅಮೆರಿಕದಲ್ಲಿ ಸ್ಟ್ರೈಕ್ ಬದಲಾಗುವುದಿಲ್ಲ. ವಾದ ಮುರಿಯುವುದು ಅಲ್ಲಿ.

ಇನ್ನೊಂದು ಮಾತು ಸೇರಿಸಬೇಕು. ಷರತ್ತು "ಇಲ್ಲಿಯವರೆಗೆ ಡಿವಿಡೆಂಡ್ ಕೊಟ್ಟಿಲ್ಲ" ಎಂಬುದಲ್ಲ, "ಗಡುವಿನ ತನಕ ಕೊಡುವುದಿಲ್ಲ" ಎಂಬುದು. ಮೆಟಾ ತನ್ನ ಮೊದಲ ಡಿವಿಡೆಂಡನ್ನು ಘೋಷಿಸಿದ್ದು 2024ರ ಫೆಬ್ರವರಿಯಲ್ಲಿ, ಷೇರಿಗೆ 50 ಸೆಂಟ್. ಆಲ್ಫಾಬೆಟ್ ಅದೇ ಏಪ್ರಿಲ್‌ನಲ್ಲಿ, 20 ಸೆಂಟ್. ದೀರ್ಘಾವಧಿಯ ಕಾಲ್ ಹಿಡಿದಿದ್ದವರಿಗೆ ನಿಯಮ ನಡುವೆಯೇ ಬದಲಾಯಿತು.

ವಿನಯ್ ಬಿ.

ಹಾಗಾದರೆ 50 ಸೆಂಟ್ ಬಂದ ಕೂಡಲೇ ಎಕ್ಸರ್ಸೈಸ್ ಮಾಡಬೇಕೇ?

ಝೂರಿಕ್ ಕನ್ನಡಿಗ

ಇಲ್ಲ, ತೂಗಿ ನೋಡಬೇಕು. ಡಿವಿಡೆಂಡಿನ ಆಸೆಗೆ ಎಕ್ಸರ್ಸೈಸ್ ಮಾಡುವುದಾದರೆ, ಯಾವ ದಿನದಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲವೋ ಆ ಎಕ್ಸ್-ಡೇಟಿನ ಹಿಂದಿನ ದಿನ ಮಾತ್ರ, ಅದಕ್ಕೂ ಮುಂಚೆ ಮಾಡಿದರೆ ಬಡ್ಡಿಯನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಆವತ್ತೂ ಒಂದು ಕಡೆ ಗಡುವಿನೊಳಗೆ ಕೈಗೆ ಬರುವ ಡಿವಿಡೆಂಡ್, ಇನ್ನೊಂದು ಕಡೆ ಸ್ಟ್ರೈಕ್ ಹಣದ ಮೇಲಿನ ಉಳಿದ ಅವಧಿಯ ಬಡ್ಡಿ ಮತ್ತು ಅದೇ ಸ್ಟ್ರೈಕಿನ ಪುಟ್ಟಿನ ಬೆಲೆ. 400ರ ಸ್ಟ್ರೈಕ್, ಆರು ತಿಂಗಳು ಎಂದರೆ ಬಡ್ಡಿಯೇ ಸುಮಾರು 8 ಡಾಲರ್. ಎರಡು ತ್ರೈಮಾಸಿಕದಲ್ಲಿ ಬರುವ 1 ಡಾಲರ್ ಅದರ ಹತ್ತಿರವೂ ಬರುವುದಿಲ್ಲ. ಗಡುವಿಗೆ ಎರಡೇ ದಿನ ಉಳಿದಿದ್ದರೆ ಬಡ್ಡಿ 9 ಸೆಂಟ್, ಷೇರು ಸ್ಟ್ರೈಕಿಗಿಂತ ಬಹಳ ಮೇಲಿದ್ದರೆ ಪುಟ್ ಒಂದೆರಡು ಸೆಂಟ್. ಆಗ 50 ಸೆಂಟಿಗಾಗಿ ಎಕ್ಸರ್ಸೈಸ್ ಮಾಡುವುದೇ ಲೆಕ್ಕ.

ಪ್ರಶಾಂತ ಕೆ.

ನನ್ನದೂ ಇದೇ ಪ್ರಶ್ನೆ ಸರ್. ಬೆಂಗಳೂರಿನಲ್ಲಿ ಕೆಲಸ, ಕಂಪನಿ ಅಮೆರಿಕದ್ದು, ಇನ್ನೂ ಲಿಸ್ಟ್ ಆಗಿಲ್ಲ, ಡಿವಿಡೆಂಡ್ ಕೊಡುವ ಮಾತೇ ಇಲ್ಲ. ನನ್ನ ಬಳಿ ವೆಸ್ಟ್ ಆದ ಇಸಾಪ್ ಇದೆ, ಗಡುವಿಗೆ ಇನ್ನೂ ಆರು ವರ್ಷ. ಮೇಲಿನ ಲೆಕ್ಕ ನೋಡಿದರೆ ನಾನು ಕೊನೆಯ ದಿನದವರೆಗೂ ಎಕ್ಸರ್ಸೈಸ್ ಮಾಡಬಾರದು ಅಂತಾಯಿತು. ಸರಿ ತಾನೇ?

ಆರ್. ಲಕ್ಷ್ಮಿ

ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ ಪ್ರಶಾಂತ್. ಮೇಲಿನ ವಾದ ನಿಂತಿರುವುದು ಎರಡು ಆಧಾರಗಳ ಮೇಲೆ: ಬೇಡವಾದಾಗ ಕಾಲನ್ನು ಮಾರಬಹುದು, ಅಥವಾ ಷೇರನ್ನು ಶಾರ್ಟ್ ಮಾಡಬಹುದು. ನಿಮ್ಮ ಇಸಾಪನ್ನು ಬೇರೆಯವರಿಗೆ ಮಾರುವಂತಿಲ್ಲ. ಲಿಸ್ಟ್ ಆಗದ ಷೇರನ್ನು ಶಾರ್ಟ್ ಮಾಡಲಿಕ್ಕೂ ಆಗದು. ಎರಡೂ ಇಲ್ಲದ ಮೇಲೆ ಹಣ ಬೇಕಾದವರಿಗೆ, ಅಥವಾ ಅಪಾಯ ಕಡಿಮೆ ಮಾಡಿಕೊಳ್ಳಬೇಕೆನ್ನುವವರಿಗೆ, ಎಕ್ಸರ್ಸೈಸ್ ಮಾಡಿ ಸಿಕ್ಕಾಗ ಷೇರು ಮಾರುವುದಷ್ಟೇ ಉಳಿಯುತ್ತದೆ. ಜೊತೆಗೆ ಗಡುವು ಆರು ವರ್ಷ ಎಂದು ಕಾಗದದಲ್ಲಿದ್ದರೂ ಕೆಲಸ ಬಿಟ್ಟರೆ ಬಹಳ ಕಂಪನಿಗಳಲ್ಲಿ 90 ದಿನವಷ್ಟೇ ಸಿಗುತ್ತದೆ. ನಿಮ್ಮ ಗ್ರ್ಯಾಂಟ್ ಪತ್ರದಲ್ಲಿ ಮೊದಲು ಅದನ್ನು ಓದಿ.

ವಾದದ ಒಂದು ತುಂಡು ಮಾತ್ರ ನಿಮಗೂ ಅನ್ವಯಿಸುತ್ತದೆ. ಷೇರನ್ನು ಹೇಗಿದ್ದರೂ ಇಟ್ಟುಕೊಳ್ಳುವವರೇ ಆದರೆ, ಮುಂಚೆ ಎಕ್ಸರ್ಸೈಸ್ ಮಾಡುವುದೆಂದರೆ ಸ್ಟ್ರೈಕ್ ಹಣದ ಬಡ್ಡಿಯನ್ನೂ, ಕಂಪನಿ ಮುಳುಗಿದರೆ ಆ ಹಣ ಉಳಿಯುವ ಭದ್ರತೆಯನ್ನೂ ಬಿಟ್ಟುಕೊಡುವುದು.

ಪ್ರಶಾಂತ ಕೆ.

ತೆರಿಗೆ ವಿಚಾರ? ಷೇರಿನ ಮೌಲ್ಯ ಇನ್ನೂ ಕಡಿಮೆ ಇರುವಾಗಲೇ ಎಕ್ಸರ್ಸೈಸ್ ಮಾಡಿಬಿಡು, ಮುಂದೆ ತೆರಿಗೆ ಉಳಿಯುತ್ತದೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ.

ಸುಮಾ ಜಿ.

ಭಾರತದಲ್ಲಿ ಎಕ್ಸರ್ಸೈಸ್ ಮಾಡಿದ ದಿನದ ಮೌಲ್ಯದಲ್ಲಿ ನೀವು ಕೊಟ್ಟ ಬೆಲೆ ಕಳೆದು ಉಳಿದದ್ದನ್ನು ಸಂಬಳದ ಪರ್ಕ್ವಿಸಿಟ್ ಎಂದು ಸೇರಿಸುತ್ತಾರೆ. ಅದಾದ ಮೇಲಿನ ಏರಿಕೆ ಕ್ಯಾಪಿಟಲ್ ಗೇನ್. ಹಾಗಾಗಿ ಬೇಗ ಮಾಡಿದರೆ ಹೆಚ್ಚಿನ ಭಾಗ ಕಡಿಮೆ ದರಕ್ಕೆ ಬೀಳಬಹುದು ಎನ್ನುವುದು ಅವರ ಮಾತಿನ ತಿರುಳು. ಆದರೆ ಇವತ್ತು ತೆರಿಗೆಯನ್ನು ಕೈಯಿಂದ ಕಟ್ಟಬೇಕು, ಷೇರನ್ನು ಮಾರಲಾಗದು. ನಂತರ ಕಂಪನಿ ನೆಲಕಚ್ಚಿದರೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಯಾವುದು ಮೇಲು ಎಂದು ನಿಮ್ಮ ಅಂಕಿಗಳಿಲ್ಲದೆ ಯಾರೂ ಹೇಳಲಾರರು, ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಹತ್ತಿರ ಕೂತು ನೋಡಿ.

ಝೂರಿಕ್ ಕನ್ನಡಿಗ

ಮಾರುಕಟ್ಟೆಯ ಆಪ್ಷನ್‌ಗೇ ಮರಳಿದರೆ, ಡಿವಿಡೆಂಡ್ ಇಲ್ಲದಿದ್ದರೂ ವಾದ ಸಡಿಲವಾಗುವ ಎರಡು ಜಾಗ ನೋಡಿದ್ದೇನೆ.

ಒಂದು, ಷೇರು ಸಾಲಕ್ಕೆ ಸಿಗುವುದೇ ಕಷ್ಟವಾದಾಗ. ಶಾರ್ಟ್ ಮಾಡುವವರು ಸಾಲದ ಶುಲ್ಕ ಕಟ್ಟಬೇಕು. ಅದು ವರ್ಷಕ್ಕೆ ಶೇ 10 ಆದರೆ 500ರ ಷೇರಿಗೆ ಆರು ತಿಂಗಳಲ್ಲಿ 25 ಡಾಲರ್. ಲಕ್ಷ್ಮಿ ಮೇಡಂ ಲೆಕ್ಕದ 7.84 ಅದರಲ್ಲಿ ಕೊಚ್ಚಿಹೋಗುತ್ತದೆ. ಕಾಲ್ 100ಕ್ಕೆ ಸಿಕ್ಕರೂ ಆರ್ಬಿಟ್ರೇಜ್ ಇರುವುದಿಲ್ಲ. ಅದೇ ಹೊತ್ತಿಗೆ ಷೇರನ್ನು ಕೈಯಲ್ಲಿ ಹಿಡಿದವರು ಅದನ್ನು ಸಾಲ ಕೊಟ್ಟು ಆ ಶುಲ್ಕದಲ್ಲಿ ಪಾಲು ಪಡೆಯುತ್ತಾರೆ. ಅಂದರೆ ಷೇರು ಡಿವಿಡೆಂಡ್ ಕೊಟ್ಟ ಹಾಗೇ ಆಯಿತು, ಮುಂಚಿನ ಎಕ್ಸರ್ಸೈಸ್‌ಗೆ ಕಾರಣ ಹುಟ್ಟಿತು. ಇದು ಆಗುತ್ತಿದೆಯೇ ಎಂದು ತಿಳಿಯಲು ಆಪ್ಷನ್ ಬೆಲೆಯನ್ನೇ ನೋಡಿ: ಒಂದೇ ಸ್ಟ್ರೈಕಿನ ಪುಟ್ ವಿಪರೀತ ದುಬಾರಿಯಾಗಿ, ಕಾಲ್ ತನ್ನ ಕನಿಷ್ಠ ಬೆಲೆಗಿಂತ ಕೆಳಗೆ ಕೂತಿರುತ್ತದೆ.

ಇನ್ನೊಂದು, ಬಡ್ಡಿ ಸೊನ್ನೆಗಿಂತ ಕೆಳಗಿದ್ದಾಗ. ಸ್ವಿಸ್ ನ್ಯಾಷನಲ್ ಬ್ಯಾಂಕಿನ ದರ 2015ರಿಂದ 2022ರ ತನಕ ಮೈನಸ್ 0.75 ಇತ್ತು. ಆಗ 400ನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೇ ಖರ್ಚು. ಷೇರು ಸ್ಟ್ರೈಕಿಗಿಂತ ಬಹಳ ಮೇಲಿದ್ದು ಪುಟ್ಟಿನ ಬೆಲೆ ಆ ಖರ್ಚಿಗಿಂತ ಕಡಿಮೆಯಾದರೆ ಬೇಗ ಕೊಟ್ಟು ಮುಗಿಸುವುದೇ ಲಾಭ.

ಧಾರವಾಡ ಟ್ರೇಡರ್

ಇದೆಲ್ಲಾ ಇರ್ಲಿ ಸರ್, ತೆರಿ ಮ್ಯಾಲೆ ಕಾಣೂದು ಬ್ಯಾರೆ. ಷೇರು 500, ಸ್ಟ್ರೈಕ್ 400, ಎರಡು ದಿನ ಉಳಿದಾವು ಅನ್ನ್ರಿ. ಬಿಡ್ 98.60, ಆಸ್ಕ್ 101. ಕನಿಷ್ಠ 100 ಇರಬೇಕು ಅಂದ್ರಿ, ಕೊಳ್ಳಾಂವ ಕೊಡೂದು 98.60. ಇಲ್ಲಿ ಎಕ್ಸರ್ಸೈಸ್ ಮಾಡೂದ ಚಲೋ ಅಲ್ಲೇನ್ರಿ?

ಝೂರಿಕ್ ಕನ್ನಡಿಗ

ಇದು ದಿನಾ ಕಾಣುವ ಸಂಗತಿ. ಮೊದಲು 99.90ಕ್ಕೆ ಲಿಮಿಟ್ ಆರ್ಡರ್ ಹಾಕಿ. ಆ ಬೆಲೆಗೆ ಕಾಲ್ ಕೊಂಡು ಷೇರು ಶಾರ್ಟ್ ಮಾಡಿದರೆ ಮಾರ್ಕೆಟ್ ಮೇಕರಿಗೆ ಷೇರಿಗೆ 10 ಸೆಂಟ್ ಖಚಿತ, ಬಹಳ ಸಲ ತೆಗೆದುಕೊಳ್ಳುತ್ತಾರೆ. ಯಾರೂ ಬರದಿದ್ದರೆ ಷೇರನ್ನು 500ಕ್ಕೆ ಶಾರ್ಟ್ ಮಾಡಿ, ಅದೇ ದಿನ ಎಕ್ಸರ್ಸೈಸ್ ಸೂಚನೆ ಕೊಡಿ. ನಿವ್ವಳ 100, ಶುಲ್ಕ ಕಳೆದು. ಶಾರ್ಟ್ ಮಾಡದೆ ಬರೇ ಎಕ್ಸರ್ಸೈಸ್ ಕೊಟ್ಟು ಮರುದಿನ ಮಾರುತ್ತೇನೆ ಎಂದರೆ ರಾತ್ರಿಯ ಏರಿಳಿತ ನಿಮ್ಮ ತಲೆಯ ಮೇಲೆ.

ಆರ್. ಲಕ್ಷ್ಮಿ

ಶಾರ್ಟ್ ಮಾಡಿದ ಮೇಲೆ ಎಕ್ಸರ್ಸೈಸ್ ಯಾಕೆ? ಎರಡು ದಿನ ಹಾಗೇ ಬಿಟ್ಟರೆ 400ರ ಮೇಲೆ ಷೇರಿಗೆ 9 ಸೆಂಟ್ ಬಡ್ಡಿ, ಕಾಂಟ್ರ್ಯಾಕ್ಟಿಗೆ ಸುಮಾರು 9 ಡಾಲರ್. ಅಕಸ್ಮಾತ್ ಷೇರು 400ಕ್ಕಿಂತ ಕೆಳಗೆ ಬಿದ್ದರೆ ಅದೂ ನಿಮ್ಮದೇ. ಬಿಡ್ ಕಡಿಮೆ ಇರುವುದು ಕಾಲನ್ನು ಮಾರಬೇಡಿ ಎನ್ನಲು ಕಾರಣ, ಎಕ್ಸರ್ಸೈಸ್ ಮಾಡಿ ಎನ್ನಲು ಕಾರಣವಲ್ಲ.

ಝೂರಿಕ್ ಕನ್ನಡಿಗ

ಸಂಸ್ಥೆಗಳಿಗೆ ಒಪ್ಪುತ್ತೇನೆ. ಚಿಲ್ಲರೆ ಗ್ರಾಹಕರಿಗೆ ಶಾರ್ಟ್ ಮಾಡಿ ಬಂದ ಹಣದ ಮೇಲೆ ಬಹಳ ಬ್ರೋಕರ್‌ಗಳು ಬಡ್ಡಿ ಕೊಡುವುದೇ ಇಲ್ಲ. ಆ 9 ಡಾಲರ್ ಅವರಿಗೆ ಸೊನ್ನೆ. ಉಳಿಯುವುದು ಒಂದೆರಡು ಸೆಂಟಿನ ಪುಟ್. ಅದಕ್ಕಾಗಿ ಎರಡು ದಿನ ಮಾರ್ಜಿನ್ ಕಟ್ಟಿಹಾಕಿಕೊಳ್ಳಬೇಕು, ಸಾಲದ ಶುಲ್ಕ ಇದ್ದರೆ ಅದನ್ನೂ ಕೊಡಬೇಕು.

ಆರ್. ಲಕ್ಷ್ಮಿ

ಬಡ್ಡಿ ಸೊನ್ನೆಯಾದರೂ ಕಾಯುವುದು ಕೆಳಗಿಳಿಯುವುದಿಲ್ಲ, ಸಮವಾಗುತ್ತದೆ ಅಷ್ಟೇ. ಅದನ್ನು ಕೆಳಗಿಳಿಸುವುದು ನೀವು ಕೊನೆಯಲ್ಲಿ ಹೇಳಿದ ಶುಲ್ಕ. ಕಾಲ್ ಹಿಡಿದೇ ಶಾರ್ಟ್ ಮಾಡಿದಾಗ ಎಷ್ಟು ಮಾರ್ಜಿನ್ ಕೇಳುತ್ತಾರೆ ಎನ್ನುವುದೂ ಬ್ರೋಕರಿನಿಂದ ಬ್ರೋಕರಿಗೆ ಬೇರೆ.

ಧಾರವಾಡ ಟ್ರೇಡರ್

ಅಂದ್ರ ನನ್ನ ಬ್ರೋಕರ್ ಎಕ್ಸರ್ಸೈಸ್‌ಗೆ ಎಷ್ಟು ತಗೋತಾನ, ಶಾರ್ಟಿಗೆ ಎಷ್ಟು ತಗೋತಾನ, ಎರಡೂ ಕೇಳಿ ನೋಡಬೇಕು. ಕೇಳಿ ಇಲ್ಲೇ ಬರೀತೀನಿ.